ಕಾರ್ಡಿನಲ್ಲಿ ‘ನ್ಯಾಚುರಲ್ ರೂಬಿ’ ಅಂತ ಇತ್ತು

ಮೈಸೂರಿನ ಅಶೋಕ ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ ನಮ್ಮದು ಚಿಕ್ಕ ಚಿನ್ನದ ಕೆಲಸದ ಅಂಗಡಿ. ಅಪ್ಪನ ಕಾಲದಿಂದ ಕೆಂಪಿನ ಕೆಲಸವೇ ಜಾಸ್ತಿ: ಕೆಂಪಿನ ಓಲೆ, ಕೆಂಪಿನ ಉಂಗುರ. ಹಾಗಾಗಿ ಮಾಣಿಕ್ಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಒಂದು ಸೊಕ್ಕು ಇತ್ತು. ಅದು ಇಳಿದದ್ದು ಒಂದು ಉಂಗುರ ದೊಡ್ಡದು ಮಾಡುವ ಕೆಲಸದಲ್ಲಿ.

ಉಂಗುರ ಒಬ್ಬ ಟೀಚರಮ್ಮನದು. ನಡುವೆ ನಾಲ್ಕು ಕ್ಯಾರೆಟ್ಟಿಗೂ ಮೇಲ್ಪಟ್ಟ ಕೆಂಪು ಹರಳು. ಬಣ್ಣ ಚೆನ್ನಾಗಿತ್ತು, ಬೆಳಕೂ ಚೆನ್ನಾಗಿ ಹಾಯುತ್ತಿತ್ತು. ಮಾಣಿಕ್ಯ ಬೆಂಕಿಗೆ ಜಗ್ಗುವ ಕಲ್ಲಲ್ಲ. ಅದು ಕರಗಬೇಕಾದರೆ 2000 ಡಿಗ್ರಿ ದಾಟಬೇಕು, ನಮ್ಮ ಬೆಸುಗೆಗೆ ಅದರ ಅರ್ಧವೂ ಬೇಡ. ಅದಕ್ಕೇ ಹರಳು ಕೀಳದೆ ಉಂಗುರ ಕತ್ತರಿಸಿ, ಚೂರು ಚಿನ್ನ ಸೇರಿಸಿ, ಬಿಳಿಗಾರ ಹಚ್ಚಿ ಬೆಸೆದೆ. ಕರಿ ಹೋಗಲಿ ಅಂತ ಬೆಚ್ಚಗಿನ ಆಸಿಡ್ ನೀರಿಗೆ ಹಾಕಿದೆ. ತೆಗೆದು ನೋಡಿದರೆ ಹರಳಿನ ತುಂಬ ಬಿಳಿ ಗೆರೆ, ಬತ್ತಿದ ಕೆರೆಯ ನೆಲದ ಹಾಗೆ. ಬೆಳಗ್ಗೆ ಪಾರದರ್ಶಕವಾಗಿದ್ದ ಕಲ್ಲು ಮಧ್ಯಾಹ್ನಕ್ಕೆ ಮಂಕು ಬಡಿದಿತ್ತು.

ಅವರು ಪರ್ಸಿನಿಂದ ಲ್ಯಾಮಿನೇಟ್ ಮಾಡಿದ ಕಾರ್ಡ್ ತೆಗೆದು ಮುಂದಿಟ್ಟರು. “ಆಚಾರ್ರೇ, ಇದು ಒರಿಜಿನಲ್ಲು. ಲ್ಯಾಬ್ ಕಾರ್ಡೇ ಇದೆಯಲ್ಲ!” ಕಾರ್ಡಿನಲ್ಲಿ ನಿಜವಾಗಿಯೂ ‘ನ್ಯಾಚುರಲ್ ರೂಬಿ’ ಅಂತ ಇತ್ತು. ವಕ್ರೀಭವನದ ಅಂಕಿ 1.76, ಅದೂ ಮಾಣಿಕ್ಯದ್ದೇ. ಹಿಂದೆ ತಿರುಗಿಸಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ: ಹರಳಿಗೆ ಮಾಡಿರಬಹುದಾದ ಟ್ರೀಟ್‌ಮೆಂಟ್ ಬಗ್ಗೆ ಈ ಕಾರ್ಡು ಏನೂ ಹೇಳುವುದಿಲ್ಲ. ಅವರೂ ಓದಿರಲಿಲ್ಲ, ನಾನೂ ಕೇಳಿರಲಿಲ್ಲ. ಹರಳಿನ ದುಡ್ಡು ನಾನೇ ಕಟ್ಟಿಕೊಟ್ಟೆ. ಕೆಟ್ಟ ಹರಳು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಆಮೇಲೆ ಅದನ್ನು ಬಿಡಿ ಹರಳಾಗಿ ಒಂದು ದೊಡ್ಡ ಲ್ಯಾಬಿಗೆ ಕಳಿಸಿದೆ. ಉತ್ತರ ಬಂತು: ಸೀಸದ ಗಾಜು ತುಂಬಿದ ಮಾಣಿಕ್ಯ. ಬಿರುಕು ಬಿಟ್ಟ, ಬೆಳಕೇ ಹಾಯದ ಕಡಿಮೆ ದರ್ಜೆಯ ಕಲ್ಲನ್ನು ಮೊದಲು ಆಸಿಡ್‌ನಲ್ಲಿ ತೊಳೆಯುತ್ತಾರೆ. ಆಮೇಲೆ ಸೀಸ ಹೆಚ್ಚಿರುವ ಗಾಜಿನ ಪುಡಿಯ ಜೊತೆ ಕುಲುಮೆಗೆ ಇಡುತ್ತಾರೆ. ಸೀಸದ ಗಾಜು ಮಾಮೂಲಿ ಗಾಜಿಗಿಂತ ಬೇಗ ಕರಗಿ ಬಿರುಕಿನೊಳಗೆ ಇಳಿಯುತ್ತದೆ. ಬೆಳಕನ್ನು ಬಗ್ಗಿಸುವುದರಲ್ಲಿ ಈ ಗಾಜು ಮಾಣಿಕ್ಯಕ್ಕೆ ಹತ್ತಿರ. ಹಾಗಾಗಿ ಬಿರುಕು ಕಣ್ಣಿಗೆ ಮಾಯವಾಗುತ್ತದೆ, ಆದರೆ ಕಲ್ಲಿನೊಳಗೆ ಹಾಗೇ ಇರುತ್ತದೆ. ಇಂಥ ಮಾಲು ಪೇಟೆಯಲ್ಲಿ ಸದ್ದು ಮಾಡಿದ್ದು 2004ರ ಸುಮಾರಿಗೆ. ಬೆಂಕಿಗೆ ಆ ಗಾಜು ಮೆತ್ತಗಾಗುತ್ತದೆ, ಆಸಿಡ್ ಅದನ್ನು ಕೊರೆದು ತಿನ್ನುತ್ತದೆ. ನಾನು ಒಂದೇ ದಿನ ಎರಡನ್ನೂ ತೋರಿಸಿದ್ದೆ! ನಿಂಬೆರಸವೂ ಸಾಕು. ಮನೆಯಲ್ಲಿ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಒಡವೆ ಉಜ್ಜುವವರಿಗೆ ಇದನ್ನು ಮೊದಲು ಹೇಳುತ್ತೇನೆ.

ಹಾಗಾದರೆ ಕಾರ್ಡು ಸುಳ್ಳೇ? ಅಲ್ಲ, ಅದೇ ತಮಾಷೆ. ‘ನ್ಯಾಚುರಲ್’ ಅಂದರೆ ಕಲ್ಲು ಭೂಮಿಯಲ್ಲಿ ಹುಟ್ಟಿದ್ದು, ಲ್ಯಾಬಿನಲ್ಲಿ ಬೆಳೆಸಿದ್ದಲ್ಲ ಅಂತ ಮಾತ್ರ. ಹುಟ್ಟಿದ ಮೇಲೆ ಅದಕ್ಕೆ ಏನು ಮಾಡಿದರು ಅನ್ನೋದು ಆ ಪದದಲ್ಲಿಲ್ಲ. 1.76 ಕೂಡ ಸರಿಯೇ, ಯಂತ್ರದ ಮೇಲೆ ಕೂತ ಮುಖದಲ್ಲಿ ಮಾಣಿಕ್ಯವೇ ಇರುತ್ತದಲ್ಲ. ಈಗ ರಿಪೋರ್ಟ್ ಕೈಗೆ ಬಂದರೆ ಹೆಸರಿನ ಸಾಲು ಆಮೇಲೆ. ಮೊದಲು ‘ಕಾಮೆಂಟ್ಸ್’ ಅಥವಾ ‘ಟ್ರೀಟ್‌ಮೆಂಟ್’ ಸಾಲು, ಆಮೇಲೆ ಹಿಂಬದಿಯ ಸಣ್ಣ ಅಕ್ಷರ. ಆ ಸಾಲೇ ಇಲ್ಲದಿದ್ದರೆ ಟ್ರೀಟ್‌ಮೆಂಟ್ ಇಲ್ಲ ಅಂತ ಅರ್ಥವಲ್ಲ, ಯಾರೂ ನೋಡಿಲ್ಲ ಅಂತ ಅರ್ಥ.

ಕಳೆದ ವರ್ಷ ಹಾಸನದ ಕಡೆಯ ಕಾಫಿ ತೋಟದ ಯಜಮಾನರೊಬ್ಬರು ಬಂದರು. ಮಗಳ ಮದುವೆಗೆ ಉಂಗುರ ಮಾಡಿಸಬೇಕು. ವ್ಯಾಪಾರಿಯೊಬ್ಬ ಎರಡು ಮಾಣಿಕ್ಯ ಕೊಟ್ಟು ನೋಡಿ ಅಂದಿದ್ದ. ಒಂದು 2.06 ಕ್ಯಾರೆಟ್, ಇನ್ನೊಂದು 2.31. ಎರಡಕ್ಕೂ ಕ್ಯಾರೆಟ್ಟಿಗೆ 45,000 ರೂಪಾಯಿ. “ಎರಡೂ ಹೀಟೆಡ್ ಅಂತೆ. ದೊಡ್ಡದೇ ಕೆಂಪಗಿದೆ, ಅದೇ ಇರಲಿ ಅಲ್ವಾ?” ಅಂದರು. ಎರಡಕ್ಕೂ ಪೂರ್ತಿ ರಿಪೋರ್ಟ್ ಇತ್ತು.

ಮೊದಲು ರಿಪೋರ್ಟ್ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಮೊಬೈಲಿನಲ್ಲಿ ಬಂದದ್ದೂ ಕಾಗದದಲ್ಲಿ ಇದ್ದದ್ದೂ ಒಂದೇ. ಆಮೇಲೆ ಹರಳನ್ನು ತೂಗಿದೆ. ಎರಡನೇ ದಶಾಂಶದವರೆಗೆ ಹೊಂದಬೇಕು, ಹೊಂದಿತು. ಆಮೇಲೆ ಅಳತೆ. ಚಿಕ್ಕ ಹರಳು ಮೊಟ್ಟೆಯಾಕಾರದ್ದು, 8.10, 6.70, 4.75 ಮಿಲಿಮೀಟರ್. ಇಂಥ ಆಕಾರದ ಮಾಣಿಕ್ಯಕ್ಕೆ ಮೂರೂ ಅಳತೆ ಗುಣಿಸಿ 0.008ರಿಂದ ಗುಣಿಸಿದರೆ ತೂಕ ಅಂದಾಜಿಗೆ ಸಿಗುತ್ತದೆ. ಬಂದದ್ದು 2.06. ಇದು ಯಾವಾಗಲೂ ಇಷ್ಟು ಕರಾರುವಾಕ್ಕಾಗಿ ಬರಲ್ಲ, ಹೊಟ್ಟೆ ಉಬ್ಬಿದ ಹರಳಾದರೆ ಸ್ವಲ್ಪ ತಪ್ಪುತ್ತದೆ. ಆದರೆ ಒಳ್ಳೆ ರಿಪೋರ್ಟಿಗೆ ಬೇರೆ ಹರಳು ಸೇರಿಸಿ ಕೊಡುವ ಆಟ ಇಲ್ಲೇ ಸಿಕ್ಕಿಬೀಳುತ್ತದೆ. ಉಂಗುರದಲ್ಲಿ ಕಟ್ಟಿದ ಹರಳಿನ ರಿಪೋರ್ಟಾದರೆ ಈ ಯಾವ ಲೆಕ್ಕವೂ ನಡೆಯಲ್ಲ. ಅದರಲ್ಲಿ ತೂಕವೇ ಅಂದಾಜಿನದು, ಪರೀಕ್ಷೆಯೂ ಅರೆಬರೆ.

ಕಾಮೆಂಟ್ ಸಾಲಿಗೆ ಬಂದಾಗ ಚಿಕ್ಕದರಲ್ಲಿ ಇದ್ದದ್ದು ‘ಇಂಡಿಕೇಷನ್ಸ್ ಆಫ್ ಹೀಟಿಂಗ್’, ಅಷ್ಟೇ. ದೊಡ್ಡದರಲ್ಲಿ ಅದರ ಮುಂದೆ ಇನ್ನೊಂದು ತುಂಡು: ‘ಮಾಡರೇಟ್ ರೆಸಿಡ್ಯೂ ಇನ್ ಫಿಶರ್ಸ್’, ಅಂದರೆ ಬಿರುಕುಗಳಲ್ಲಿ ಮಧ್ಯಮ ಪ್ರಮಾಣದ ಶೇಷ. ವ್ಯಾಪಾರಿಯ ಬಾಯಲ್ಲಿ ಎರಡೂ ‘ಹೀಟೆಡ್’ ಆಗಿದ್ದವು. ಬೆಲೆ ಇರೋದು ಆ ಬಾಲದಲ್ಲಿ.

ಯಜಮಾನರಿಗೆ ನಮ್ಮ ಬಿಳಿಗಾರದ ಡಬ್ಬಿಯನ್ನೇ ತೋರಿಸಿ ವಿವರಿಸಿದೆ. ಬರೀ ಕಾಯಿಸುವುದು ಅಂದರೆ ಕಲ್ಲನ್ನು ಗಂಟೆಗಟ್ಟಲೆ ಕುಲುಮೆಯಲ್ಲಿ ಇಡುವುದು. ನೀಲಿ ಛಾಯೆ ಹೋಗಿ ಕೆಂಪು ತಿಳಿಯಾಗುತ್ತದೆ, ಒಳಗಿನ ಮಸುಕೂ ಕಡಿಮೆಯಾಗುತ್ತದೆ. ಹೊರಗಿನಿಂದ ಏನೂ ಸೇರುವುದಿಲ್ಲ. ಬಣ್ಣ ವಾಪಸ್ ಹೋಗುವುದಿಲ್ಲ. ಪೇಟೆಯಲ್ಲಿರುವ ಮಾಣಿಕ್ಯದಲ್ಲಿ ಹೆಚ್ಚಿನವು ಹೀಗೆ ಕಾಯಿಸಿದವೇ, ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಹೇಳಿ ಮಾರಿದರೆ.

ಎರಡನೆಯದರಲ್ಲಿ ಕಾಯಿಸುವಾಗ ಬಿಳಿಗಾರದಂಥ ಪದಾರ್ಥ ಸೇರಿಸುತ್ತಾರೆ. 1990ರ ದಶಕದಲ್ಲಿ ಬರ್ಮಾದ ಮಾಂಗ್ ಶು ಗಣಿಯ ಮಾಲು ಬಂದಾಗ ಈ ಕೆಲಸ ದೊಡ್ಡದಾಗಿ ನಡೆಯಿತು. ಆ ಕಲ್ಲುಗಳ ನಡುವೆ ನೀಲಿ-ಕಪ್ಪು ತಿರುಳು, ಮೈತುಂಬ ಬಿರುಕು. ಕಾಯಿಸಿದರೆ ತಿರುಳಿನ ಕಪ್ಪು ಹೋಯಿತು. ಕರಗಿದ ಬಿಳಿಗಾರ ಬಿರುಕಿಗೆ ಇಳಿದು, ಬಿರುಕಿನ ಗೋಡೆಯನ್ನೇ ಚೂರು ಕರಗಿಸಿತು, ಹಾಗೆ ಕರಗಿದ ಕಲ್ಲು ತಣ್ಣಗಾಗುವಾಗ ಮತ್ತೆ ಮಾಣಿಕ್ಯವಾಗಿ ಕೂಡಿಕೊಂಡಿತು. ಗಾಯ ಮಾಗಿದ ಹಾಗೆ. ಅಲ್ಲಲ್ಲಿ ಕೂಡದೆ ಉಳಿದ ಜಾಗದಲ್ಲಿ ಗಾಜಿನಂಥ ಪದಾರ್ಥ ನಿಂತುಬಿಡುತ್ತದೆ. ರಿಪೋರ್ಟಿನ ‘ರೆಸಿಡ್ಯೂ’ ಅದೇ. ಮೈನರ್, ಮಾಡರೇಟ್, ಸಿಗ್ನಿಫಿಕೆಂಟ್ ಅಂತ ಅದರ ಪ್ರಮಾಣ ಬರೆಯುತ್ತಾರೆ. ಕೆಲವು ಲ್ಯಾಬುಗಳು ಎಚ್ ಅಕ್ಷರದ ಪಕ್ಕ ಎ, ಬಿ, ಸಿ ಹಾಕುತ್ತವೆ, ಅರ್ಥ ಹಿಂಬದಿಯಲ್ಲೋ ವೆಬ್‌ಸೈಟಿನಲ್ಲೋ ಇರುತ್ತದೆ.

“ಹಂಗಾದ್ರೆ ಇದೂ ಗಾಜು ತುಂಬಿದ್ದೇ?” ಅಂತ ಅವರು ಕೇಳಿದರು. ಅಲ್ಲ. ಇಲ್ಲಿ ಬಿರುಕು ಬಹುಪಾಲು ಕೂಡಿಕೊಂಡಿದೆ, ನಿಂಬೆರಸಕ್ಕೆ ಹೆದರುವ ಕಲ್ಲಲ್ಲ. ಸೀಸದ ಗಾಜಿನದಾದರೆ ಒಳ್ಳೆ ಲ್ಯಾಬು ಸೀಸದ ಗಾಜು ಅಂತಲೇ ಬರೆಯುತ್ತದೆ. ಗಾಜು ವಿಪರೀತ ಇದ್ದರೆ ಮಾಣಿಕ್ಯ ಮತ್ತು ಗಾಜಿನ ಮಿಶ್ರ ವಸ್ತು ಅನ್ನುತ್ತದೆ, ಮಾಣಿಕ್ಯ ಅನ್ನುವುದೇ ಇಲ್ಲ. ಅಂಥದ್ದರಲ್ಲಿ ತೂಕದ ಒಂದು ಪಾಲು ಗಾಜಿನದೇ. ನಾನು ಕಂಡ ಮಟ್ಟಿಗೆ ಅದು ಕ್ಯಾರೆಟ್ಟಿಗೆ ಕೆಲವು ನೂರು ರೂಪಾಯಿಯ ಮಾಲು.

ವ್ಯತ್ಯಾಸ ಅವರ ಕಣ್ಣಿಗೇ ಬೀಳಲಿ ಅಂತ ಡ್ರಾಯರಿನಿಂದ ಟೀಚರಮ್ಮನ ಹರಳು ತೆಗೆದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಲೂಪ್, ಕೊಟ್ಟೆ. ದೀಪದ ಕೆಳಗೆ ನಿಧಾನವಾಗಿ ತಿರುಗಿಸಿ ಅಂದೆ. ಗಾಜು ಇನ್ನೂ ಉಳಿದಿರುವ ಕಡೆ, ಒಂದು ಕೋನದಲ್ಲಿ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹಾದುಹೋಗುತ್ತದೆ. ಸೀಮೆಎಣ್ಣೆ ಬಿದ್ದ ನೀರಿನ ಮೇಲೆ ಕಾಣುವ ನೀಲಿಯ ಹಾಗೆ. ಜೊತೆಗೆ ಚಪ್ಪಟೆ ಗಾಳಿಗುಳ್ಳೆಗಳು. ಅವರಿಗೆ ಗುಳ್ಳೆ ಕಂಡಿತು, ಮಿಂಚು ಮೂರನೇ ಸಲಕ್ಕೆ ಕಂಡಿತು. ಅವರು ತಂದ ಎರಡರಲ್ಲೂ ಆ ಮಿಂಚು ಇರಲಿಲ್ಲ. ದೊಡ್ಡದರಲ್ಲಿ ಮಾಗಿದ ಬಿರುಕುಗಳು ಜಾಲರಿಯ ಹಾಗೆ ಕಾಣುತ್ತಿದ್ದವು. ಲೂಪಿನಲ್ಲಿ ನಾನು ಹೇಳಬಲ್ಲದ್ದು ಅಷ್ಟೇ. ಆ ಜಾಲರಿಯಲ್ಲಿ ಉಳಿದಿರುವುದು ಎಷ್ಟು ಅನ್ನೋದನ್ನು ಲ್ಯಾಬಿನ ಮೈಕ್ರೋಸ್ಕೋಪೇ ಹೇಳಬೇಕು.

ಈಗ ದುಡ್ಡಿನ ಮಾತು. ವ್ಯಾಪಾರಿಯ ಲೆಕ್ಕದಲ್ಲಿ ಚಿಕ್ಕದು 92,700, ದೊಡ್ಡದು 1,03,950. ಚಿಕ್ಕದರ ದರ ನನಗೂ ಒಪ್ಪಿಗೆಯಾಯಿತು. ದೊಡ್ಡದಕ್ಕೆ ಆ ಬಣ್ಣದಲ್ಲಿ, ಮಾಡರೇಟ್ ರೆಸಿಡ್ಯೂ ಇಟ್ಟುಕೊಂಡು, ನಾನು ಕ್ಯಾರೆಟ್ಟಿಗೆ 30,000ಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಅಂದರೆ 69,300. ಬಣ್ಣ ಕೊಂಚ ಚೆನ್ನಾಗಿದೆ, ನಿಜ. ಆದರೆ ಆ ಕಲ್ಲಿನ ಕಚ್ಚಾ ರೂಪ ಬಿರುಕುಮಯ, ಅಂಥದ್ದು ಸಿಗುವುದು ಸುಲಭ. ನಾಳೆ ವಾಪಸ್ ಮಾರಲು ಹೋದರೆ ಕೊಳ್ಳುವವನು ಮೊದಲು ಬೆರಳಿಡುವುದು ಅದೇ ಸಾಲಿನ ಮೇಲೆ.

ಅಷ್ಟರಲ್ಲಿ ಅವರ ಜೊತೆ ಬಂದಿದ್ದ ಭಾವಮೈದುನ ಕಾಯಿಸದ ಹರಳೇ ಯಾಕೆ ತಗೋಬಾರದು ಅಂದರು. ಅವರ ಜ್ಯೋತಿಷಿ ಕಾಯಿಸಿದ್ದು ಫಲ ಕೊಡಲ್ಲ ಅಂದಿದ್ದರಂತೆ. ಫಲದ ವಿಷಯ ನನ್ನ ಅಂಗಡಿಯದ್ದಲ್ಲ, ಬೆಲೆ ಹೇಳಿದೆ. ಇದೇ ಬಣ್ಣ, ಇದೇ ತೂಕ, ‘ನೋ ಇಂಡಿಕೇಷನ್ಸ್ ಆಫ್ ಹೀಟಿಂಗ್’ ಅಂತ ಹೆಸರಾಂತ ಲ್ಯಾಬಿನ ರಿಪೋರ್ಟ್ ಇದ್ದರೆ ದರ ಸುಲಭವಾಗಿ ಎರಡು ಪಟ್ಟು ದಾಟುತ್ತದೆ. ಆ ವಾಕ್ಯವನ್ನೂ ಸರಿಯಾಗಿ ಓದಬೇಕು. ಕಾಯಿಸಿದ ಗುರುತು ಸಿಗಲಿಲ್ಲ ಅಂತ ಅದು ಹೇಳುತ್ತದೆ, ಕಾಯಿಸಿಲ್ಲ ಅಂತ ಗ್ಯಾರಂಟಿ ಕೊಡುವುದಿಲ್ಲ. ಜೋರಾಗಿ ಕಾಯಿಸಿದರೆ ಹರಳಿನೊಳಗಿನ ರೇಷ್ಮೆ ಎಳೆಯಂಥ ಸೂಜಿಗಳು ಮುರಿದು ಚುಕ್ಕಿಯಾಗುತ್ತವೆ, ಲ್ಯಾಬಿಗೆ ಕಾಣುತ್ತದೆ. ಸಾವಿರ ಡಿಗ್ರಿಗಿಂತ ಕೆಳಗೆ ಕಾಯಿಸಿದರೆ ಆ ಎಳೆಗಳು ಹಾಗೇ ಉಳಿಯಬಹುದು, ಪತ್ತೆ ಕಷ್ಟ. ಅದಕ್ಕೇ ಎರಡು ಪಟ್ಟು ಕೊಡುವವರು ಇದನ್ನು ಪತ್ತೆ ಮಾಡುವ ಉಪಕರಣ, ಅನುಭವ ಎರಡೂ ಇರುವ ಲ್ಯಾಬನ್ನೇ ನೋಡಬೇಕು.

ಭಾವಮೈದುನ ಸುಮ್ಮನಾದರು. ಯಜಮಾನರು ವ್ಯಾಪಾರಿಗೆ ಅಲ್ಲಿಂದಲೇ ಫೋನ್ ಮಾಡಿ ಆ ‘ರೆಸಿಡ್ಯೂ’ ಸಾಲನ್ನು ಅಕ್ಷರ ಅಕ್ಷರ ಓದಿ ಹೇಳಿದರು. ದೊಡ್ಡದು 75,000ಕ್ಕೆ ಇಳಿಯಿತು. ಆದರೂ ಅವರು ಚಿಕ್ಕದನ್ನೇ ಇಟ್ಟುಕೊಂಡರು. ಉಂಗುರವನ್ನು ಬೆಸೆದು, ಆಸಿಡ್‌ನಲ್ಲಿ ತೊಳೆದು, ಮೆರುಗು ಕೊಟ್ಟು, ಎಲ್ಲ ಮುಗಿದ ಮೇಲೆ ಕೊನೆಗೆ ಹರಳು ಕೂರಿಸಿದೆ. ಬಿಲ್ಲಿನಲ್ಲಿ ರಿಪೋರ್ಟ್ ನಂಬರಿನ ಕೆಳಗೆ ಬರೆದದ್ದು ಹೀಗೆ: ‘ಮಾಣಿಕ್ಯ 2.06 ಕ್ಯಾರೆಟ್, ಕಾಯಿಸಿದ್ದು, ಬಿರುಕಿನಲ್ಲಿ ಶೇಷ ಇಲ್ಲ.’