ಜಂಟಿ ಪ್ರೊಪೋಸಲ್‌ಗೂ ಮೊದಲು ಒಂದು ಸ್ಯಾಂಪಲ್

ನನ್ನ ಲ್ಯಾಬ್ ಶುರುವಾಗಿ ಒಂದು ವರ್ಷವಾಗಿತ್ತು. ಕೈಯಲ್ಲಿ ಒಂದು ಕಿಣ್ವವಿತ್ತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಅಳತೆಗಳೆಲ್ಲ ಚೆನ್ನಾಗಿ ಬಂದಿದ್ದವು. ಅದರ ರಚನೆ ನೋಡಲು ಮಾತ್ರ, ಸ್ಯಾಂಪಲನ್ನು ತೆಳುವಾದ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕಿತ್ತು. ಅದು ಇದ್ದದ್ದು ಬೇರೆ ಸಂಸ್ಥೆಯಲ್ಲಿ.

ಅಲ್ಲಿನ ವಿಜ್ಞಾನಿಯೊಬ್ಬರಿಗೆ ಇಮೇಲ್ ಬರೆದೆ. ಗ್ರಾಂಟ್ ಮಾತೇ ಎತ್ತಲಿಲ್ಲ. ಐದಾರು ಸಾಲು, ಪ್ರೋಟೀನ್ ಎಷ್ಟು ಶುದ್ಧವಾಗಿದೆ ಎಂದು ತೋರಿಸುವ ಒಂದು ಜೆಲ್ ಚಿತ್ರ, ಕೊನೆಗೆ ಒಂದೇ ಪ್ರಶ್ನೆ: "ಒಂದು ಸ್ಯಾಂಪಲ್ ಕಳಿಸಿದರೆ ನೋಡುತ್ತೀರಾ?" ಗುರುತಿಲ್ಲದವರ ಜೊತೆ ಮೂರು ವರ್ಷದ ಯೋಜನೆಗೆ ಯಾರೂ ಸುಮ್ನೆ ಒಪ್ಪುವುದಿಲ್ಲ. ಒಂದು ದಿನದ ಕೆಲಸಕ್ಕೆ ಒಪ್ಪುತ್ತಾರೆ. ಅವರೂ ಒಪ್ಪಿದರು. ಸ್ಯಾಂಪಲ್ ಕೊಡುವ ಕರಾರಿಗೆ ಎರಡೂ ಸಂಸ್ಥೆಗಳ ಸಹಿ ಬೀಳಲು ಆರು ವಾರ ಹಿಡಿಯಿತು.

ಮೊದಲ ಸ್ಯಾಂಪಲ್ ಕೆಟ್ಟಿತು. ಚಿತ್ರಗಳೆಲ್ಲ ಮಸುಕು, ಕಣಗಳೇ ಸರಿಯಾಗಿ ಕಾಣಲಿಲ್ಲ. "ಬಫರ್‌ನಲ್ಲಿ ಏನೇನು ಹಾಕಿದ್ದೀರಿ?" ಎಂದು ಅವರು ಫೋನ್ ಮಾಡಿದರು. ಪ್ರೋಟೀನ್ ಇದ್ದ ಆ ದ್ರಾವಣದಲ್ಲಿ ನೂರಕ್ಕೆ ಹತ್ತು ಪಾಲು ಗ್ಲಿಸರಾಲ್ ಇತ್ತು. ಮೈನಸ್ 80 ಡಿಗ್ರಿಯಲ್ಲಿ ಇಡುವಾಗ ಪ್ರೋಟೀನ್ ಹಾಳಾಗದಿರಲಿ ಎಂದು ನಾವು ಯಾವಾಗಲೂ ಹಾಕುತ್ತಿದ್ದೆವು. ಆದರೆ ಮೈಕ್ರೋಸ್ಕೋಪ್‌ನಲ್ಲಿ ಪ್ರೋಟೀನ್ ಕಾಣುವುದೇ ಸುತ್ತಲಿನ ಮಂಜುಗಡ್ಡೆಗಿಂತ ಅದು ಹೆಚ್ಚು ಸಾಂದ್ರವಾಗಿರುವುದರಿಂದ. ಗ್ಲಿಸರಾಲ್ ಆ ವ್ಯತ್ಯಾಸವನ್ನು ತಗ್ಗಿಸುತ್ತದೆ. ನನಗೆ ಅದು ಗೊತ್ತಿರಲಿಲ್ಲ. ನಾನು ಹಾಕಿರುತ್ತೇನೆ ಎಂದು ಅವರೂ ಅಂದುಕೊಂಡಿರಲಿಲ್ಲ.

ಮುಂದಿನ ಸಲ ಗ್ಲಿಸರಾಲ್ ಇಲ್ಲದ ಬಫರ್‌ನಲ್ಲಿ ಹೊಸದಾಗಿ ಶುದ್ಧಮಾಡಿದೆವು. ಹೆಪ್ಪುಗಟ್ಟಿಸದೆ, ಐಸ್ ಮೇಲಿಟ್ಟು ನನ್ನ ವಿದ್ಯಾರ್ಥಿನಿಯ ಕೈಯಲ್ಲೇ ಕಳಿಸಿದೆ. ಅವಳು ಅಲ್ಲಿ ನಾಲ್ಕು ದಿನ ಇದ್ದು ಗ್ರಿಡ್ ಮಾಡುವುದನ್ನು, ಅಂದರೆ ಪುಟ್ಟ ಜಾಲರಿಯ ಮೇಲೆ ಸ್ಯಾಂಪಲ್ ಹಾಕಿ ಹೆಪ್ಪುಗಟ್ಟಿಸುವುದನ್ನು, ಕಲಿತಳು. ಕಣಗಳು ಬಿಡಿಬಿಡಿಯಾಗಿ ಕಂಡವು. ನಿಜ ಹೇಳಬೇಕೆಂದರೆ, ನಮ್ಮ ಸಹಯೋಗ ಗಟ್ಟಿಯಾಗಿದ್ದು ಆ ನಾಲ್ಕು ದಿನಗಳಲ್ಲಿ.

ಆಮೇಲೆ ಜಂಟಿ ಪ್ರೊಪೋಸಲ್ ಬರೆದೆವು. ಮೊದಲ ಸಲ ಸಿಗಲಿಲ್ಲ. ಅವರ ಬೆಂಬಲ ಪತ್ರದಲ್ಲಿ "ಸಂತೋಷದಿಂದ ಸಹಕರಿಸುತ್ತೇವೆ" ಎಂದಷ್ಟೇ ಇತ್ತು. "ಎರಡನೇ ಲ್ಯಾಬ್ ನಿಜವಾಗಿ ಮಾಡುವುದೇನು?" ಎಂದು ವಿಮರ್ಶಕರು ಕೇಳಿದ್ದರು. ಸರಿಯಾದ ಪ್ರಶ್ನೆಯೇ. ಎರಡನೇ ಸಲ ಪತ್ರದಲ್ಲಿ ತಿಂಗಳಿಗೆ ಎರಡು ದಿನ ಮೈಕ್ರೋಸ್ಕೋಪ್, ಡೇಟಾ ವಿಶ್ಲೇಷಿಸುವವರು ಯಾರು ಎಂದೆಲ್ಲ ಬರೆದರು. ಬಜೆಟ್‌ನಲ್ಲಿ ಅವರ ಪಾಲೂ ಬೇರೆಯಾಗಿ ಕಾಣಿಸಿತು. ರಚನೆ ಸಿಗದಿದ್ದರೂ ನನ್ನ ಭಾಗದ ಪ್ರಯೋಗಗಳು ನಿಲ್ಲದಂತೆ ಗುರಿಗಳನ್ನು ಬೇರ್ಪಡಿಸಿದೆವು. ಎರಡೂ ಸಂಸ್ಥೆಗಳ ಕಚೇರಿಗಳು ಬಜೆಟ್ ನೋಡಿ ಸಹಿ ಹಾಕಬೇಕಿದ್ದರಿಂದ ಕೊನೆಯ ದಿನಕ್ಕೆ ಮೂರು ವಾರ ಮೊದಲೇ ಅಂಕಿಗಳನ್ನು ಮುಗಿಸಿದೆವು.

ಪ್ರಬಂಧದಲ್ಲಿ ಹೆಸರುಗಳ ಕ್ರಮವನ್ನೂ ಆಗಲೇ ಇಮೇಲ್‌ನಲ್ಲಿ ಬರೆದಿಟ್ಟುಕೊಂಡೆವು. ರಚನೆಯ ಪ್ರಬಂಧಕ್ಕೆ ಅವರ ವಿದ್ಯಾರ್ಥಿ ಮೊದಲು, ಕಿಣ್ವದ ಕೆಲಸದ ಪ್ರಬಂಧಕ್ಕೆ ನನ್ನವಳು. ಗ್ರಾಂಟ್ ಬಂದ ಮೇಲೂ ಆ ಇಮೇಲನ್ನು ಎರಡು ಸಲ ತೆಗೆದು ನೋಡಿದ್ದೇವೆ.