25ನೇ ಸೆಕೆಂಡಿನ ಚುಕ್ಕಿ, 5ನೇ ನಿಮಿಷದ ಮಸುಕು

ಕಣ್ಣಿನ ಆಂಜಿಯೋ, ಅಂದರೆ ಕೈಯ ರಕ್ತನಾಳಕ್ಕೆ ಡೈ ಕೊಟ್ಟು ಕಣ್ಣೊಳಗಿನ ನಾಳಗಳ ಫೋಟೊ ತೆಗೆಯುವುದು ನನ್ನ ಕೆಲಸ. ಈಚೆಗೆ ಬಂದಿದ್ದ ಒಬ್ಬ ಅಮ್ಮನಿಗೆ 12 ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಣ್ಣಿಗೆ ಅಕ್ಷರ ಮಸುಕಾಗಿತ್ತು.

ಪಾಪೆ ಹಿಗ್ಗಲು ಹನಿ ಹಾಕಿ ಕೂರಿಸಿದೆವು. ಡೈ ಕೊಡುವ ಮೊದಲೇ ಒಂದೆರಡು ಫೋಟೊ ತೆಗೆದಿಟ್ಟುಕೊಂಡೆ. ನಂತರ ನರ್ಸ್ ಮೊಣಕೈ ಒಳಬದಿಯ ರಕ್ತನಾಳಕ್ಕೆ ಸೂಜಿ ಹಾಕಿ, ಮೊದಲು ಸ್ವಲ್ಪ ಸಲೈನ್ ಬಿಟ್ಟು ನೋಡಿದರು. ಡೈ ನಾಳದಿಂದ ಆಚೆ ಹೋದರೆ ಕೈ ವಿಪರೀತ ಉರಿಯುತ್ತದೆ, ಅದಕ್ಕೇ ಈ ಎಚ್ಚರ. ಆಮೇಲೆ 10% ಫ್ಲೋರೆಸಿನ್ ಡೈ, 5 ಮಿ.ಲೀ. ಅದು ಒಳಗೆ ಹೋಗುತ್ತಿದ್ದಂತೆ ನಾನು ಟೈಮರ್ ಒತ್ತಿದೆ.

ನೀಲಿ ಬೆಳಕು ಬಿದ್ದರೆ ಈ ಡೈ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಕ್ಯಾಮೆರಾದ ಫಿಲ್ಟರ್ ನೀಲಿಯನ್ನು ತಡೆದು ಆ ಹೊಳಪನ್ನಷ್ಟೇ ಹಿಡಿಯುತ್ತದೆ. ಸುಮಾರು 12 ಸೆಕೆಂಡಿಗೆ ಪರದೆಯ ಮೇಲೆ ನಾಳಗಳು ಬೆಳ್ಳಗೆ ಬೆಳಗತೊಡಗಿದವು. ಅಷ್ಟರಲ್ಲಿ ಅವರು, "ಹೊಟ್ಟೆ ತೊಳಸಿದ ಹಾಗಾಗ್ತಿದೆ ಕಣಪ್ಪಾ" ಅಂದರು. "ಬಾಯಲ್ಲಿ ಉಸಿರು ಎಳ್ಕೊಳ್ಳಿ ಅಮ್ಮ, ಈಗ ಹೋಗುತ್ತೆ" ಅಂದೆ. ಒಂದು ನಿಮಿಷದೊಳಗೆ ಹೋಯಿತು.

25ನೇ ಸೆಕೆಂಡಿನ ಫೋಟೊದಲ್ಲಿ ದೃಷ್ಟಿಯ ನಡುಭಾಗದ ಹತ್ತಿರ ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳಿದ್ದವು. ಅಂಚು ಚೂಪಾಗಿತ್ತು. 5ನೇ ನಿಮಿಷಕ್ಕೆ ಅದೇ ಚುಕ್ಕಿಗಳು ಒದ್ದೆ ಬಟ್ಟೆಗೆ ಬಿದ್ದ ಶಾಯಿಯ ಹಾಗೆ ಹರಡಿದ್ದವು. ಅದೇ ಸೋರಿಕೆ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಆರೋಗ್ಯವಂತ ನಾಳ ಡೈಯನ್ನು ಆಚೆ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಉಬ್ಬಿದ ತೆಳು ಗೋಡೆ ಬಿಡುತ್ತದೆ.

ಹೊಳೆದಿದ್ದೆಲ್ಲ ಸೋರಿಕೆಯಲ್ಲ. ರೆಟಿನಾ ಹಿಂದಿನ ಬಣ್ಣದ ಪದರ ಸವೆದ ಜಾಗವೂ ಶುರುವಿನಲ್ಲೇ ಹೊಳೆಯುತ್ತದೆ. ಆದರೆ ಅದರ ಅಳತೆ ಬೆಳೆಯುವುದಿಲ್ಲ, ಕೊನೆಗೆ ಮಂಕಾಗುತ್ತದೆ. ಹಾಗಾಗಿ ಒಂದೇ ಫೋಟೊ ನೋಡಿ ಹೇಳಲಾಗದು, ಮೊದಲಿನದನ್ನೂ ತಡವಾಗಿ ತೆಗೆದದ್ದನ್ನೂ ಪಕ್ಕಪಕ್ಕ ಇಡಬೇಕು. ಸೋರಿಕೆಯಿಂದ ರೆಟಿನಾಗೆ ಬರುವ ಊತ ಎಷ್ಟು ದಪ್ಪ ಅನ್ನುವುದು ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ರೆಟಿನಾದ ದಪ್ಪ ಅಳೆಯುವ ಒಸಿಟಿ ಸ್ಕ್ಯಾನ್ ಬೇಕು.

ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡೆವು. ಮೈ ತುರಿಕೆ, ದದ್ದು, ಉಸಿರಾಟದ ತೊಂದರೆ ಬಂದರೆ ಅದು ಅಲರ್ಜಿ, ಸುಮ್ನೆ ಬಿಡುವ ಹಾಗಿಲ್ಲ. ಔಷಧದ ಟ್ರೇ ಪಕ್ಕದಲ್ಲೇ ಇರುತ್ತದೆ. ಅವರಿಗೆ ಅಂಥದ್ದೇನೂ ಆಗಲಿಲ್ಲ.

ಸಂಜೆ ಮಗ ಫೋನ್ ಮಾಡಿದ. "ಸರ್, ಅಮ್ಮನ ಮೈ ಹಳದಿಯಾಗಿದೆ. ಮೂತ್ರ ಅಂತೂ ಅರಿಶಿನ ಕಲಸಿದ ಹಾಗಿದೆ. ಕಾಮಾಲೆನಾ?" ಅಮ್ಮನಿಗೆ ಹೇಳಿದ್ದೆ, ಮಗನಿಗೆ ಹೇಳಿರಲಿಲ್ಲ. ತಪ್ಪು ನನ್ನದೇ ಅಲ್ವಾ! ಡೈ ಹೆಚ್ಚಾಗಿ ಕಿಡ್ನಿ ಮೂಲಕವೇ ಹೊರಗೆ ಹೋಗುತ್ತದೆ. ಮೈಬಣ್ಣ ಕೆಲವು ಗಂಟೆಯಲ್ಲಿ ಸರಿಯಾಗುತ್ತದೆ, ಮೂತ್ರದ ಹಳದಿ ಒಂದು, ಒಂದೂವರೆ ದಿನ ಇರುತ್ತದೆ ಅಂದೆ. "ಕಣ್ಣಿನ ಬಿಳಿ ಭಾಗವೂ ಹಳದಿ ಇದೆಯಲ್ಲ ಸರ್?" ಅಂದ. ಅದೂ ಡೈಯದೇ, ನಾಳೆ ಬೆಳಿಗ್ಗೆ ನೋಡಿ ಅಂದೆ. ಬೆಳಿಗ್ಗೆ ಅವನೇ ಫೋನ್ ಮಾಡಿ, ಕಣ್ಣು ಬೆಳ್ಳಗಾಗಿದೆ ಅಂದ.