ಫಾರ್ಮಾ ಲ್ಯಾಬ್ ಬಿಟ್ಟು ತೀರ್ಥಹಳ್ಳಿಲಿ ಸೈನ್ಸ್ ಮೇಷ್ಟ್ರಾದೆ: ನನ್ನ ಅನುಭವ

ಬೆಂಗಳೂರಲ್ಲಿ ಒಂದು ಔಷಧಿ ಕಂಪನಿಯ ಕ್ವಾಲಿಟಿ ಲ್ಯಾಬ್‌ನಲ್ಲಿ 13 ವರ್ಷ ಇದ್ದೆ. ಬಿಎಸ್ಸಿ ಕೆಮಿಸ್ಟ್ರಿ. ಅಪ್ಪಯ್ಯಂಗೆ ಮೊಣಕಾಲು ಹಿಡ್ಕೊಂಡು ತೋಟ ನೋಡೋರಿಲ್ಲದ ಹಾಗಾದಾಗ ಊರಿಗೆ ಬಂದೆ, ಹೈಸ್ಕೂಲಲ್ಲಿ ಪಾಠ ಮಾಡೋಣ, ಗೊತ್ತಿರೋ ವಿಷಯ ತಾನೇ, ಏನ್ ಮಹಾ ಅಂದ್ಕೊಂಡೆ.

ಮೊದಲು ಎಡವಿದ್ದು ಬಿ.ಎಡ್ ವಿಷಯದಲ್ಲಿ. ಒಬ್ಬ ಏಜೆಂಟ್ ಸಿಕ್ಕಿ, ಹೊರರಾಜ್ಯದ್ದು ಇದೆ ಸರ್, ಪರೀಕ್ಷೆಗೆ ಮಾತ್ರ ಹೋದ್ರಾಯ್ತು ಅಂದ. ದುಡ್ಡು ಕೊಡೋದೊಂದೇ ಬಾಕಿ ಇತ್ತು, ಅಷ್ಟರಲ್ಲಿ ನಮ್ಮೂರಿನ ರಿಟೈರ್ಡ್ ಹೆಡ್ಮಾಸ್ಟ್ರು ಬೈದು ಬಿಡಿಸಿದ್ರು. ದೂರಶಿಕ್ಷಣದ ಬಿ.ಎಡ್ ಇರೋದು ಆಗ್ಲೇ ಶಿಕ್ಷಕರ ತರಬೇತಿ ಆದವ್ರಿಗೆ, ನನ್ನಂಥ ಹೊಸಬರಿಗಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ರೆಗ್ಯುಲರ್ ಕಾಲೇಜೇ ಗತಿ, 2 ವರ್ಷ, ದಿನಾ ತೀರ್ಥಹಳ್ಳಿಯಿಂದ ಬಸ್ಸು. ಕ್ಲಾಸಲ್ಲಿ ನನಗಿಂತ 15 ವರ್ಷ ಚಿಕ್ಕ ಹುಡುಗೀರು ನನ್ನ ಅಂಕಲ್ ಅಂತಿದ್ರು, ಅದೊಂದು ಅಭ್ಯಾಸ ಆಗೋಕೆ ತಿಂಗಳು ಹಿಡೀತು.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪೇಪರನ್ನೂ ಬರೆದೆ, ಅದು 6ರಿಂದ 8ನೇ ಕ್ಲಾಸಿನ ಪಾಠಕ್ಕೆ. 150 ಅಂಕಕ್ಕೆ ಜನರಲ್‌ನವ್ರಿಗೆ 90 ಬೇಕು, ನಂಗೆ ಮೊದಲ ಸಲ 84. ಸೈನ್ಸ್-ಗಣಿತ ಚೆನ್ನಾಗೇ ಆಗಿತ್ತು, ಆದ್ರೆ ಅದು 60 ಅಂಕ ಅಷ್ಟೆ, ಉಳಿದದ್ದು ಎರಡು ಭಾಷೆ ಮತ್ತೆ ಮಕ್ಕಳ ಮನಶ್ಶಾಸ್ತ್ರ. ಅಲ್ಲೇ ಮುಗ್ಗರಿಸಿದ್ದು. ಎರಡನೇ ಸಲ ಪಾಸಾದೆ.

ನಿಜವಾಗಿ ಕಲಿತದ್ದು ಮಾತ್ರ ಬಿ.ಎಡ್‌ನವ್ರು ಸ್ಕೂಲಿಗೆ ಹೋಗಿ ಪಾಠ ಮಾಡೋ ಇಂಟರ್ನ್‌ಶಿಪ್ಪಲ್ಲಿ. ಹತ್ತನೇ ಕ್ಲಾಸಿಗೆ ಸ್ಥಾನಪಲ್ಲಟ ಕ್ರಿಯೆ ಪಾಠ, ಅಂದ್ರೆ ಒಂದು ಲೋಹ ಇನ್ನೊಂದನ್ನ ಅದರ ದ್ರಾವಣದಿಂದ ಹೊರಗೆ ತಳ್ಳೋದು. ಬೋರ್ಡ್ ಮೇಲೆ ಹೀಗೆ ಬರೆದೆ:

```
Fe + CuSO4 → FeSO4 + Cu
```

ಕ್ರಿಯಾಶೀಲತೆ, ಅಯಾನು, ಎಲೆಕ್ಟ್ರಾನು ಅಂತ 20 ನಿಮಿಷ ಒಂದೇ ಸಮ ಮಾತಾಡಿದೆ, ಅರ್ಥ ಆಯ್ತಾ ಅಂದ್ರೆ ಎಲ್ಲರೂ ಹೂಂ ಸರ್. ಹಿಂದೆ ಕೂತು ನೋಡ್ತಿದ್ದ ಮೇಡಂ ಎದ್ದು ಬಂದು ಒಬ್ಬ ಹುಡುಗನ್ನ ಕೇಳಿದ್ರು, ಕಬ್ಬಿಣದ ಮೊಳೆ ಹಾಕಿದ್ರೆ ಕಣ್ಣಿಗೆ ಏನ್ ಕಾಣತ್ತೋ? ಗೊತ್ತಿಲ್ಲ ಮೇಡಂ. ಆಮೇಲೆ ನನ್ನ ಹೊರಗೆ ಕರೆದು, ಹೂಂ ಅನ್ನೋದನ್ನ ಉತ್ತರ ಅಂತ ಎಣಿಸ್ಬೇಡಿ, ಅವ್ರು ನೋಡಿರೋದ್ರಿಂದ ಶುರು ಮಾಡಿ ಅಂದ್ರು.

ರಾತ್ರಿ ಪಾಠಯೋಜನೆ ತಿದ್ದುವಾಗ ಹೊಳೀತು, ನಮ್ಮ ಮನೇಲೇ ಇದೆಯಲ್ಲ ಇದು! ಕೊಳೆರೋಗಕ್ಕೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತ ಅಂದ್ರೆ ಬೋರ್ಡ್ ಮೇಲೆ ಬರೆದ ಅದೇ CuSO4, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಹದ ಆಯ್ತಾ ಅಂತ ಅಪ್ಪಯ್ಯ ಕತ್ತಿ ಅದ್ದಿ ನೋಡ್ತಾರೆ, ಅಲಗಿನ ಮೇಲೆ ಕೆಂಪು ಹತ್ತಿದ್ರೆ ಸುಣ್ಣ ಕಮ್ಮಿ ಅಂತ ಲೆಕ್ಕ. ಆ ಕೆಂಪೇ ತಾಮ್ರ. ಸುಣ್ಣ ಸಾಲದೆ ದ್ರಾವಣದಲ್ಲಿ ಉಳಿದ ತಾಮ್ರ ಬಂದು ಕಬ್ಬಿಣದ ಮೇಲೆ ಕೂರತ್ತೆ, ಹಾಗೇ ಹೊಡೆದ್ರೆ ಎಳೆಕಾಯಿ ಸುಡತ್ತೆ. ಮಾರನೇ ದಿನ ಎರಡು ಪ್ಲಾಸ್ಟಿಕ್ ಮಗ್ಗಲ್ಲಿ, ಒಂದಕ್ಕೆ ಸುಣ್ಣ ಸಾಕಷ್ಟು ಇನ್ನೊಂದಕ್ಕೆ ಕಮ್ಮಿ, ಒಂದೊಂದು ಹಳೇ ಬ್ಲೇಡ್ ಅದ್ದಿಟ್ಟೆ. ಏನೂ ವಿವರಿಸ್ಲಿಲ್ಲ, ಯಾವುದನ್ನ ತೋಟಕ್ಕೆ ಹೊಡೀಬಹುದು ಅಂತ ಕೇಳಿದೆ ಅಷ್ಟೆ. ಆ 'ಗೊತ್ತಿಲ್ಲ' ಹುಡುಗನೇ ಕೈ ಎತ್ತಿ, ಕೆಂಪಾಗಿರೋದು ಬೇಡ ಸರ್, ಗೊನೆ ಸುಟ್ಟೋಗತ್ತೆ ಅಂದ. ಯಾಕೆ ಕೆಂಪಾಯ್ತು ಅಂತ ಅವರವರೇ ಜಗಳ ಆಡೋಕೆ ಶುರು. ಸಮೀಕರಣ ಬರೆದದ್ದು ಕೊನೇ 10 ನಿಮಿಷದಲ್ಲಿ.

ಆದ್ರೂ ದುಡ್ಡಿನ ವಿಷಯ ಮುಚ್ಚಿಟ್ರೆ ತಪ್ಪಾಗತ್ತೆ. ಲ್ಯಾಬಲ್ಲಿ ತಿಂಗಳಿಗೆ ಕೈಗೆ 58,000 ಬರ್ತಿತ್ತು. ಈಗಿನ ಖಾಸಗಿ ಸ್ಕೂಲಲ್ಲಿ 18,500, ಅದೂ 10 ತಿಂಗಳಿಗೆ ಮಾತ್ರ, ಏಪ್ರಿಲ್-ಮೇ ಸಂಬಳ ಇಲ್ಲ, ಇದನ್ನ ಸೇರುವಾಗ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅಂದ್ರೆ ವರ್ಷಕ್ಕೆ 6,96,000 ಇದ್ದದ್ದು 1,85,000. ಬಿ.ಎಡ್‌ನ ಎರಡು ವರ್ಷ ಮನೆಖರ್ಚು ತಿಂಗಳಿಗೆ 25,000ದ ಹಾಗೆ 6 ಲಕ್ಷ ಉಳಿತಾಯ ಕರಗ್ತು, ಫೀಸು ಬಸ್ ಪಾಸು ಬೇರೆ. ತೋಟ, ಸ್ವಂತ ಮನೆ ಇಲ್ದಿದ್ರೆ ನಾನು ಈ ಕಡೆ ತಲೆನೂ ಹಾಕ್ತಿರ್ಲಿಲ್ಲ. ಇಂಟರ್ವ್ಯೂಗೆ ಹೋಗೋರು ರಜೆ ಸಂಬಳ ಮತ್ತೆ ಪಿಎಫ್ ಎರಡನ್ನೂ ಬಾಯಿಬಿಟ್ಟು ಕೇಳಿ, ಆರ್ಡರ್‌ನಲ್ಲಿ ಬರೆಸ್ಕೊಳ್ಳಿ.

ಖುಷಿ ಇದ್ಯಾ ಅಂದ್ರೆ, ಪಾಠದ 40 ನಿಮಿಷ ಖಂಡಿತ ಇದೆ. ದಾಖಲೆ ಬರೆಯೋದ್ರಲ್ಲಿ, ಮೀಟಿಂಗಲ್ಲಿ ಇಲ್ಲ. ಲ್ಯಾಬಲ್ಲಿ ಭಾನುವಾರ ಸಂಜೆ ಆದ್ರೆ ಹೊಟ್ಟೆ ಕಿವುಚ್ತಿತ್ತು, ಅದು ನಿಂತಿದೆ. ಸಂಬಳ ಇಲ್ಲದ ಮೇ ಕೊನೇಲಿ ಈಗ ಬೋರ್ಡೋ ಕಲಸೋದು ನನ್ನ ಕೆಲಸ, ಕತ್ತಿ ಅದ್ದೋದು ಮಾತ್ರ ಇನ್ನೂ ಅಪ್ಪಯ್ಯನೇ, ಆಮ್ಲ-ಕ್ಷಾರ ನೋಡೋ ನನ್ನ ಪಿಎಚ್ ಪೇಪರ್ ಮೇಲೆ ಅವ್ರಿಗೆ ನಂಬಿಕೆ ಇಲ್ಲ.